ಟೀ ಶರ್ಟಿನ ಅಕ್ಷರ ತೆಗೆಯುವಾಗ ಬಟ್ಟೆಯ ಹೆಣಿಗೆ ಮತ್ತು ಮಡಿಕೆಗಳನ್ನೇ ಅಳಿಸಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಫೋಟೋ ತಿದ್ದುವ ವಿಭಾಗ

ಮಾನ್ಯರೇ,

ತೀರಿಕೊಂಡ ನನ್ನ ತಂದೆಯವರ ಫೋಟೋವೊಂದನ್ನು ವರ್ಷದ ತಿಥಿಗೆಂದು 12x18 ಇಂಚಿಗೆ ಹಿಗ್ಗಿಸಿ ಕಟ್ಟು ಹಾಕಿಸಲು ಕಳೆದ ತಿಂಗಳು ತಮ್ಮಲ್ಲಿ ಕೊಟ್ಟಿದ್ದೆ. ಅವರು ತೊಟ್ಟಿದ್ದ ಕಡುನೀಲಿ ಟೀ ಶರ್ಟಿನ ಎದೆಯ ಮೇಲಿದ್ದ ಬಿಳಿ ಜಾಹೀರಾತಿನ ಅಕ್ಷರಗಳನ್ನು ಮಾತ್ರ ತೆಗೆಯಬೇಕು, ಬಟ್ಟೆ ಇದ್ದಂತೆಯೇ ಇರಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೆ.

ಮೊಬೈಲಿಗೆ ಕಳುಹಿಸಿದ ಸಣ್ಣ ಪ್ರತಿಯಲ್ಲಿ ದೋಷ ತಿಳಿಯಲಿಲ್ಲವಾದ್ದರಿಂದ ಒಪ್ಪಿಗೆ ಕೊಟ್ಟೆ. ಮುದ್ರಿತ ಪ್ರತಿಯಲ್ಲಾದರೋ ಎದೆಯ ಭಾಗ ಮೇಣ ಸವರಿದಂತೆ ನುಣ್ಣಗಿದೆ. ಎಡ ಭುಜದಿಂದ ಹೊಟ್ಟೆಯತ್ತ ಇಳಿಯುವ ಮಡಿಕೆ ಅಕ್ಷರಗಳಿದ್ದ ಜಾಗಕ್ಕೆ ಬಂದು ತಟ್ಟನೆ ನಿಂತು, ನಾಲ್ಕು ಬೆರಳು ಕೆಳಗೆ ಮತ್ತೆ ಶುರುವಾಗುತ್ತದೆ. ತೋಳಿನ ಬಳಿಯ ಒಂದು ಸಣ್ಣ ಸುಕ್ಕು ಎದೆಯ ಮೇಲೆ ಅದೇ ಆಕಾರದಲ್ಲಿ ಎರಡು ಕಡೆ ಕಾಣುತ್ತದೆ. ಅಲ್ಲಿಂದ ತೆಗೆದು ಇಲ್ಲಿಗೆ ಅಂಟಿಸಿದ್ದಾರೆ ಎನ್ನಲು ಬೇರೆ ಸಾಕ್ಷಿ ಬೇಡ.

"ಅಕ್ಷರದ ಕೆಳಗೆ ಏನಿತ್ತೋ ಕ್ಯಾಮೆರಾಕ್ಕೆ ಕಾಣಿಸಿಲ್ಲ, ಇದಕ್ಕಿಂತ ಚೆನ್ನಾಗಿ ಆಗದು" ಎಂದು ತಮ್ಮ ಸಿಬ್ಬಂದಿ ಹೇಳಿದರು. ಹನ್ನೆರಡು ವರ್ಷ ಮುದ್ರಣಾಲಯದಲ್ಲಿ ಇದೇ ಕೆಲಸ ಮಾಡಿದ ನಾನು ಇದನ್ನು ಒಪ್ಪಲಾರೆ. ಅಪ್ಪನ ಮುಖ ನೋಡುತ್ತಾ ಕೂತು ತಿದ್ದಲು ಮನಸ್ಸು ಬಾರದೆ ತಮಗೆ ಒಪ್ಪಿಸಿದೆನಷ್ಟೆ. ದಪ್ಪ ಬಣ್ಣ ಹೆಣಿಗೆಯನ್ನು ಮುಚ್ಚುತ್ತದೆ ಎಂಬುದು ನಿಜ, ಆದರೆ ಮಡಿಕೆಯನ್ನು ಮುಚ್ಚುವುದಿಲ್ಲ. ಮೂಲ ಫೋಟೋದಲ್ಲಿ ಮಡಿಕೆ ಹಾದುಹೋಗುವಲ್ಲಿ ಬಿಳಿ ಅಕ್ಷರಗಳೇ ಬೂದು ಬಣ್ಣಕ್ಕೆ ತಿರುಗಿವೆ. ಆ ಬೂದು ಬಣ್ಣವೇ ಮಡಿಕೆಯ ನೆರಳು.

ಆದ್ದರಿಂದ ನೆರಳು-ಬೆಳಕನ್ನು ಒಂದು ಪದರದಲ್ಲಿ, ಹೆಣಿಗೆಯನ್ನು ಇನ್ನೊಂದು ಪದರದಲ್ಲಿ ಬೇರ್ಪಡಿಸಿ ಕೆಲಸ ಮಾಡಬೇಕಿತ್ತು. ಕೆಳಗಿನ ಪದರಕ್ಕೆ Gaussian Blur ಕೊಡುವಾಗ ನೂಲಿನ ಗೆರೆಗಳು ಮರೆಯಾಗಿ ಮಡಿಕೆ ಇನ್ನೂ ಕಾಣುತ್ತಿರುವ ಹಂತದಲ್ಲಿ ನಿಲ್ಲಿಸಿ, ಅಲ್ಲಿ ಅಕ್ಷರಗಳನ್ನಷ್ಟೇ ಆಯ್ದು Curves ಮೂಲಕ ಸುತ್ತಲಿನ ನೀಲಿಗೆ ಇಳಿಸಿದರೆ ಮಡಿಕೆ ತನ್ನ ಜಾಗದಲ್ಲೇ ಉಳಿಯುತ್ತದೆ. ಅಕ್ಷರದ ಅಂಚಿನಲ್ಲಿ ಉಳಿಯುವ ಮಸುಕು ಗೆರೆಯನ್ನು ಮಾತ್ರ ಕೈಯಿಂದ ತಿದ್ದಬೇಕಾಗುತ್ತದೆ. ಮೇಲಿನ ಪದರಕ್ಕೆ ಪಕ್ಕದ ಖಾಲಿ ಬಟ್ಟೆಯಿಂದ, ನೂಲಿನ ಸಾಲುಗಳ ಓರೆಗೆ ಹೊಂದಿಸಿ, ಒಂದೇ ಜಾಗವನ್ನು ಮತ್ತೆ ಮತ್ತೆ ಬಳಸದೆ ಹೆಣಿಗೆಯನ್ನು ತುಂಬಬೇಕು. ತಮ್ಮವರು ಎರಡನ್ನೂ ಒಟ್ಟಿಗೆ ಅಂಟಿಸಿ, ಜೋಡಣೆ ಮರೆಮಾಚಲು ಮೇಲೆ ಮಸುಕು ಸವರಿದ್ದಾರೆ.

ಮೂಲ ಫೈಲಿನಿಂದಲೇ ಹೊಸದಾಗಿ ತಿದ್ದಿ, ಮುದ್ರಿಸುವ ಮೊದಲು ಪದರಗಳಿರುವ PSD ಫೈಲನ್ನು ಪೂರ್ಣ ಗಾತ್ರದಲ್ಲಿ ನನಗೆ ಕಳುಹಿಸಬೇಕೆಂದು ಕೋರುತ್ತೇನೆ. ಮೇಲೆ ಒಂದು Curves ಇಟ್ಟು ಕಾಂಟ್ರಾಸ್ಟ್ ಏರಿಸಿದರೆ ತೇಪೆ ಉಳಿದಿದೆಯೇ ಎಂಬುದು ತಮಗೂ ತಿಳಿಯುತ್ತದೆ. ಅದನ್ನು ನೋಡಿಯೇ ಕಳುಹಿಸಿರಿ. ತಿಥಿ ಬರುವ 14ರಂದು ಇರುವುದರಿಂದ 10ರೊಳಗೆ ಇದು ಸಾಧ್ಯವಾಗದಿದ್ದಲ್ಲಿ ತಿದ್ದುವಿಕೆ, ಮುದ್ರಣ ಮತ್ತು ಕಟ್ಟಿನ ಪೂರ್ಣ ಹಣವನ್ನು ಹಿಂದಿರುಗಿಸಬೇಕು. ರಸೀದಿ, ಮೂಲ ಫೋಟೋ ಮತ್ತು ಮುದ್ರಿತ ಪ್ರತಿಯ ಚಿತ್ರಗಳನ್ನು ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)