ಶಿಫ್ಟ್ ಶುರುವಿನಲ್ಲಿ ಎರಡು ಅಂಕಿ ನೋಡಿ

ಸೂಪರ್‌ವೈಸರ್‌ಗಳ ಗಮನಕ್ಕೆ. ಕ್ಯೂನಲ್ಲಿ ಗ್ರಾಹಕರ ದೂರಿನ ಟಿಕೆಟ್ ಎಷ್ಟಿವೆ ಅಂತ ಮಾತ್ರ ನೋಡಬೇಡಿ. ಅತಿ ಹಳೆಯದು ಎಷ್ಟು ಹೊತ್ತಿನಿಂದ ಕಾದಿದೆ ಅನ್ನೋದನ್ನೂ ನೋಡಿ.

180 ಟಿಕೆಟ್ ಇದ್ದು ಹಳೆಯದು 25 ನಿಮಿಷದ್ದಾದರೆ, ಅದು ಈಗಷ್ಟೇ ನುಗ್ಗಿ ಬಂದ ರಾಶಿ. ಹತ್ತನ್ನು ತೆರೆದು ಓದಿ. ಎಲ್ಲದರಲ್ಲೂ ಒಂದೇ ದೂರಿದ್ದರೆ ಮೊದಲು ಟೆಕ್ ತಂಡಕ್ಕೆ ಫೋನ್ ಮಾಡಿ.

ಮೊನ್ನೆ ಬೆಳಗ್ಗೆ 6ಕ್ಕೆ ನನಗೆ ಸಿಕ್ಕಿದ್ದು ಬರೀ 40. ಆರಾಮ ಅನ್ನಿಸುತ್ತೆ, ಅಲ್ವಾ? ಆದರೆ ಹಳೆಯದು ಆಗಲೇ 9 ಗಂಟೆ ಕಾಲ ಕಾದಿತ್ತು. ಸಂಜೆ ಶಿಫ್ಟ್‌ನವರೊಬ್ಬರ ಹೆಸರಿನಲ್ಲೇ ಕೂತಿತ್ತು. ಅವರು ರಾತ್ರಿ 10ಕ್ಕೇ ಮನೆಗೆ ಹೋಗಿದ್ದರು. ರಾತ್ರಿ ತಂಡದವರು ಯಾರದೂ ಹೆಸರಿಲ್ಲದ ಟಿಕೆಟ್‌ಗಳನ್ನಷ್ಟೇ ತೆಗೆದುಕೊಂಡಿದ್ದರು. ಇಂಥದಕ್ಕೆ ಜನ ಜಾಸ್ತಿ ಹಾಕಿ ಪ್ರಯೋಜನವಿಲ್ಲ, ಹೆಸರು ಬದಲಿಸಿ.

ಕಾದ ಹೊತ್ತನ್ನು ಟಿಕೆಟ್ ಬಂದಾಗಿನಿಂದ ಎಣಿಸಿ, ಗ್ರಾಹಕರ ಕೊನೆಯ ಮೆಸೇಜ್‌ನಿಂದಲ್ಲ.