ವಿಷಯ: ಬೀಮ್ ಪ್ರಯೋಗದ ಸ್ಟ್ರೈನ್ ರೀಡಿಂಗ್ ಅರ್ಧದಷ್ಟೇ ಬರುತ್ತಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಸರ್ವಿಸ್ ವಿಭಾಗ

ಮಾನ್ಯರೇ,

ಕಾರವಾರದ ನಮ್ಮ ಕಾಲೇಜಿನ ಲ್ಯಾಬಿಗೆ ನೀವು ಕೊಟ್ಟ ಕ್ಯಾಂಟಿಲಿವರ್ ಬೀಮ್ ಸೆಟ್ ಬಗ್ಗೆ ಈ ಪತ್ರ. ಮೊದಲು ದೂರಿದಾಗ "ಕಡಲ ತೀರದ ತೇವದಿಂದ ಹೀಗಾಗುತ್ತದೆ" ಎಂದು ನಿಮ್ಮವರು ಫೋನಿನಲ್ಲಿ ಹೇಳಿದರು. ಆ ಮಾತನ್ನು ನಾವು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇವೆ.

ಬೀಮ್ ಉಕ್ಕಿನದು. ಅಗಲ 25 ಮಿಮೀ, ದಪ್ಪ 5 ಮಿಮೀ. ಹಿಡಿತದಿಂದ 300 ಮಿಮೀ ದೂರದಲ್ಲಿ ತೂಕ ತೂಗುತ್ತದೆ. ಗೇಜ್‌ಗಳು ತೂಕದಿಂದ ಹಿಡಿತದ ಕಡೆಗೆ 250 ಮಿಮೀ ದೂರದಲ್ಲಿವೆ. 1 ಕೆಜಿ ಹಾಕಿದರೆ ತುದಿ 1.70 ಮಿಮೀ ಬಾಗಬೇಕು, PL³/3EI ಪ್ರಕಾರ. ಡಯಲ್ ಗೇಜ್ 1.72 ತೋರಿಸಿತು. ಅಂದರೆ ತೂಕ, ಅಳತೆ, ಉಕ್ಕಿನ E ಎಲ್ಲವೂ ಸರಿ. ದಪ್ಪದಲ್ಲಿ ಸ್ವಲ್ಪ ತಪ್ಪಿದ್ದರೂ ಅದರ ಘನದ ಲೆಕ್ಕದಲ್ಲಿ ಇಲ್ಲಿ ಎದ್ದು ಕಾಣುತ್ತಿತ್ತು.

ಅದೇ ತೂಕಕ್ಕೆ ಗೇಜ್ ಜಾಗದಲ್ಲಿ ಸ್ಟ್ರೈನ್ 118 ಮೈಕ್ರೊಸ್ಟ್ರೈನ್ ಬರಬೇಕು. ಡಿಸ್‌ಪ್ಲೇ ತೋರಿಸಿದ್ದು 59. ಅರ್ಧ ಕೆಜಿಗೆ 59ರ ಬದಲು 29, 2 ಕೆಜಿಗೆ 235ರ ಬದಲು 118. ತೂಕ ತೆಗೆದರೆ ಸೊನ್ನೆಗೆ ಸರಿಯಾಗಿ ಮರಳುತ್ತದೆ. ತೇವ ಹೊಕ್ಕಿದ್ದರೆ ಗೇಜಿಗೂ ಬೀಮಿಗೂ ನಡುವಿನ ಇನ್ಸುಲೇಷನ್ ಕುಸಿದು ಸೊನ್ನೆಯೇ ಅಲೆದಾಡುತ್ತಿತ್ತು. ಪ್ರತಿ ತೂಕಕ್ಕೂ ಕರಾರುವಾಕ್ಕಾಗಿ ಅರ್ಧ ಬರುತ್ತಿರಲಿಲ್ಲ, ಅಲ್ವಾ?

ನಿಮ್ಮ ಕೈಪಿಡಿ ಪ್ರಕಾರ ಬೀಮಿನ ಮೇಲೆ ಎರಡು, ಕೆಳಗೆ ಎರಡು ಗೇಜ್ ಬ್ರಿಡ್ಜ್‌ನಲ್ಲಿ ಕೆಲಸ ಮಾಡುತ್ತವೆ. ಡಿಸ್‌ಪ್ಲೇ ಆ ಒಟ್ಟು ಸಿಗ್ನಲ್ಲನ್ನು 4ರಿಂದ ಭಾಗಿಸುತ್ತದೆ. ನಾವು ತೂಕವಿಲ್ಲದೆ ಒಂದೊಂದೇ ಗೇಜಿನ ಮೇಲೆ ಬೆಚ್ಚಗಿನ ಬೆರಳು ಇಟ್ಟು ನೋಡಿದೆವು. ಬಿಸಿಯಾದ ಗೇಜಿನ ರೆಸಿಸ್ಟೆನ್ಸ್ ಬದಲಾಗಿ ರೀಡಿಂಗ್ ಜಗ್ಗಬೇಕು. ಮೇಲಿನ ಒಂದಕ್ಕೆ, ಕೆಳಗಿನ ಒಂದಕ್ಕೆ ಮಾತ್ರ ಜಗ್ಗಿತು. ಉಳಿದೆರಡಕ್ಕೆ ಅಲುಗಲೇ ಇಲ್ಲ.

ಆಮೇಲೆ ನಿಮ್ಮ ಏಜೆಂಟರ ಎದುರೇ ಬಾಕ್ಸ್ ಬಿಚ್ಚಿದೆವು. ಆ ಎರಡು ಗೇಜ್‌ಗಳ ವೈರಿಗೆ ಬೆಸುಗೆಯೇ ಇಲ್ಲ. ಬದಲಿಗೆ 120 ಓಮ್‌ನ ಎರಡು ಸಾಮಾನ್ಯ ರೆಸಿಸ್ಟರ್ ಕೂರಿಸಿದ್ದಾರೆ. ಬ್ರಿಡ್ಜ್ ಬ್ಯಾಲೆನ್ಸ್ ಆಗುತ್ತದೆ, ಹಾಗಾಗಿ ಹೊರಗಿಂದ ಗೊತ್ತಾಗುವುದಿಲ್ಲ. ಎರಡೇ ಗೇಜ್‌ಗಳ ಸಿಗ್ನಲ್ಲನ್ನು 4ರಿಂದ ಭಾಗಿಸಿದರೆ ಅರ್ಧ ಬಾರದೆ ಇನ್ನೇನು?

ನಮಗೆ ಹೆಚ್ಚು ನೋವಾಗಿದ್ದು ಬೇರೆ. ಹಲವು ಮಕ್ಕಳು ಜರ್ನಲ್‌ನಲ್ಲಿ "ಪ್ರಯೋಗದ ತಪ್ಪು" ಅಂತ ಬರೆದುಕೊಂಡಿದ್ದಾರೆ. ಅವರು ಸರಿಯಾಗಿಯೇ ಅಳೆದಿದ್ದರು.

ಡಿಸ್‌ಪ್ಲೇಯಲ್ಲಿ 4ನ್ನು 2 ಮಾಡಿಕೊಡುತ್ತೇವೆ ಎಂದು ಏಜೆಂಟರು ಹೇಳಿದರು. ಅದು ನಮಗೆ ಬೇಡ. ನಾಲ್ಕು ಗೇಜ್‌ನ ಸೆಟ್‌ಗೆ ದುಡ್ಡು ಕೊಟ್ಟಿದ್ದೇವೆ, ನಾಲ್ಕೂ ಜೋಡಿಸಿದ ಬೀಮ್ ಕೊಡಿ. ನಮ್ಮ ಲ್ಯಾಬಿನಲ್ಲೇ ತೂಕ ಹಾಕಿ ಪರೀಕ್ಷಿಸಿ, ಆ ರೀಡಿಂಗ್‌ಗಳಿಗೆ ನಿಮ್ಮವರು ಸಹಿ ಹಾಕಬೇಕು. ಪ್ರಾಕ್ಟಿಕಲ್ ಪರೀಕ್ಷೆ ಶುರುವಾಗುವ ಮೊದಲೇ ಈ ಕೆಲಸ ಆಗಬೇಕು. ಸಾಗಾಟದ ಖರ್ಚು ನಿಮ್ಮದೇ. ಬಿಚ್ಚಿದ ಬಾಕ್ಸಿನ ಫೋಟೋ ಮತ್ತು ರೀಡಿಂಗ್ ಹಾಳೆ ಲಗತ್ತಿಸಿದ್ದೇವೆ.

ಇಂತಿ,
ಲ್ಯಾಬ್ ಉಸ್ತುವಾರಿ ಉಪನ್ಯಾಸಕರು,
ಮೆಕ್ಯಾನಿಕಲ್ ವಿಭಾಗ, ಕಾರವಾರ