ಮಗಳಿಗೊಂದು ಪತ್ರ: ನೀನು ಹೋದ ಮೇಲೆ ನಾವಿಬ್ಬರು

ಪುಟ್ಟೀ,

ನಿನ್ನ ಗೆಳತಿಯ ಅಪ್ಪ ಅಮ್ಮ ಬೇರೆಯಾಗುತ್ತಿದ್ದಾರೆ, ತಾನು ಮನೆ ಬಿಟ್ಟಿದ್ದಕ್ಕೇ ಹೀಗಾಯ್ತು ಅಂತ ಅವಳು ಅಳುತ್ತಾಳೆ ಅಂದೆಯಲ್ಲ. ಅವಳ ತಪ್ಪೇನೂ ಇಲ್ಲ ಅಂತ ಹೇಳು. ಮಕ್ಕಳು ಮನೆಯಲ್ಲಿದ್ದಾಗ ಗಂಡ ಹೆಂಡತಿಗೆ ಮಾತಾಡಲು ವಿಷಯಕ್ಕೆ ಬರವಿಲ್ಲ. ಪರೀಕ್ಷೆ, ಫೀಸು, ಜ್ವರ, ಯಾರು ಕರೆದುಕೊಂಡು ಬರಬೇಕು. ಅದೆಲ್ಲ ನಿಂತಾಗಲೇ ಬೇರೆ ಮಾತು ಉಳಿದಿದೆಯಾ ಅಂತ ಗೊತ್ತಾಗೋದು.

ಗಾಟ್ಮನ್ ಮತ್ತು ಲೆವೆನ್ಸನ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ದಂಪತಿಗಳನ್ನು 14 ವರ್ಷ ಗಮನಿಸಿದ್ದರು. ಬೇಗ ಬೇರೆಯಾದವರಲ್ಲಿ ಜಗಳ ಜೋರಾಗಿತ್ತು. ತಡವಾಗಿ ಬೇರೆಯಾದವರಲ್ಲಿ ಎದ್ದು ಕಂಡಿದ್ದು ಬೇರೆಯೇ: ನಗು ಇಲ್ಲ, ಅಕ್ಕರೆ ಇಲ್ಲ, ಪರಸ್ಪರ ಕುತೂಹಲವೂ ಇಲ್ಲ. ಹೊರಗಿನವರಿಗೆ ಅದು ನೆಮ್ಮದಿಯ ಸಂಸಾರದ ಹಾಗೇ ಕಾಣುತ್ತದೆ, ಅಲ್ವಾ?

ನೀನು ಹೋದ ಹೊಸದರಲ್ಲಿ ನಮ್ಮ ರಾತ್ರಿಯೂಟ ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು. 'ಫೋನ್ ಮಾಡಿದ್ಲಾ?' 'ಮಾಡಿದ್ಲು.' ಆಮೇಲೆ ಇಬ್ಬರೂ ಮೊಬೈಲ್ ಹಿಡಿದು ಕೂರುತ್ತಿದ್ದೆವು. ನಿಮ್ಮಪ್ಪ ಏನಾದರೂ ಓದಿ 'ಇಲ್ಲಿ ನೋಡು' ಅಂದರೆ ನಾನು ತಲೆ ಎತ್ತದೆ 'ಹ್ಞೂಂ' ಅನ್ನುವುದು, ನಾನು ಕರೆದರೆ ಅವರೂ ಹಾಗೇ. ಇಂಥ ಸಣ್ಣ ಕರೆಗೆ ಉತ್ತರ ಸಿಗದೇ ಹೋದರೆ ಮನುಷ್ಯ ಜಗಳವಾಡುವುದಿಲ್ಲ, ಸುಮ್ನೆ ಕರೆಯುವುದನ್ನೇ ಬಿಡುತ್ತಾನೆ.

ಹಾಗಾಗಿ ಒಂದು ಒಪ್ಪಂದ ಮಾಡಿಕೊಂಡೆವು. ಸಂಜೆ ವಾಕಿಂಗ್ ಹೋದಾಗ ನಿನ್ನ ಮಾತು ಎತ್ತುವಂತಿಲ್ಲ (ಬೇಜಾರು ಮಾಡ್ಕೋಬೇಡ), ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯಾದರೂ ಕೇಳಬೇಕು. ಮೊದಮೊದಲು ಮದುವೆಗೆ ಮುಂಚೆ ನೋಡಲು ಬಂದವರ ಹಾಗೆ ಮುಜುಗರ. ಒಂದು ದಿನ 'ಇನ್ನೆಷ್ಟು ವರ್ಷ ಕೆಲಸ ಮಾಡ್ಬೇಕು ಅಂತಿದೀರಿ?' ಅಂದೆ. ಬೇಗ ಬಿಡಬೇಕು ಅಂತಿದ್ದಾರಂತೆ! ನನಗೋ ಈಗ ತಾನೇ ಹೊರಗೆ ದುಡಿಯುವ ಉತ್ಸಾಹ. ಮನೆ ಸಾಲ, ಉಳಿತಾಯ ಅಂತ ವಾದ ಜೋರಾಗಿಯೇ ಆಯಿತು. ಕೊನೆಗೆ ಲೆಕ್ಕ ಬರೆದು ನೋಡಿದೆವು. ಸಾಲ ತೀರುವವರೆಗೆ ಅವರು, ಆಮೇಲೆ ನನ್ನ ದುಡಿಮೆ. ಆ ಜಗಳ ನನಗೆ ಇಷ್ಟವಾಯಿತು. ಇವರ ತಲೆಯಲ್ಲಿ ಏನಿದೆ ಅಂತ ಎಷ್ಟೋ ಕಾಲದ ಮೇಲೆ ಗೊತ್ತಾಯಿತು.

ಹೆಚ್ಚು ಹೊತ್ತು ಜೊತೆಗಿದ್ದರೆ ಸಾಕು ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಅಮೆರಿಕದ ಒಂದಷ್ಟು ಹೆಂಗಸರನ್ನು 18 ವರ್ಷ ಗಮನಿಸಿದ ಅಧ್ಯಯನ 2008ರಲ್ಲಿ ಬಂತು. ಮಕ್ಕಳು ಹೋದ ಮೇಲೆ ಅವರಿಗೆ ಮದುವೆಯಲ್ಲಿ ಸಮಾಧಾನ ಹೆಚ್ಚಿತ್ತು. ಗಂಡನ ಜೊತೆಗಿನ ಗಂಟೆಗಳು ಜಾಸ್ತಿಯಾಗಿದ್ದಕ್ಕಲ್ಲ, ಆ ಹೊತ್ತು ಖುಷಿಯಾಗಿ ಕಳೆಯುತ್ತಿದ್ದುದಕ್ಕೆ.

ಆದರೆ ಹೀಯಾಳಿಕೆ, ಹೊಡೆತ ಇರುವ ಮನೆಗೆ ಈ ವಾಕಿಂಗ್ ಮದ್ದಲ್ಲ. ಮಕ್ಕಳಿಗೋಸ್ಕರ ಅಂತ ಹಲ್ಲು ಕಚ್ಚಿ ಇದ್ದವರು ಆಗ ಬೇರೆಯಾದರೆ ನಾನಂತೂ ತಪ್ಪು ಅನ್ನಲ್ಲ. ನಿನ್ನ ಗೆಳತಿಯ ಮನೆಯಲ್ಲಿ ಏನಿತ್ತೋ, ಕೆದಕಬೇಡ.

ಇನ್ನು ಮೇಲೆ ಸಂಜೆ ಏಳರ ನಂತರ ಫೋನ್ ಮಾಡು. ಅದಕ್ಕೆ ಮುಂಚೆ ನಾವು ಎತ್ತಲ್ಲ.

ನಿನ್ನ
ಅಮ್ಮ